ಕ್ವಾರಿ ವರದಿಯ ಯಂತ್ರಾನುವಾದ ತಿದ್ದಿದ್ದು: ಯಾವ ತಪ್ಪು ಮೊದಲು?

ಕಲ್ಲು ಕ್ವಾರಿಗೆ ಪರಿಸರ ಅನುಮತಿ ಬೇಕು ಅಂದ್ರೆ, ಅಕ್ಕಪಕ್ಕದ ಕ್ವಾರಿಗಳನ್ನೂ ಸೇರಿಸಿ ಒಟ್ಟು ಜಾಗ 5 ಹೆಕ್ಟೇರ್ ದಾಟಿದ್ದರೆ, ಊರಿನ ಜನರ ಮುಂದೆ ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕು. ಅದಕ್ಕೆ ಮೊದಲು ಪರಿಸರ ಪರಿಣಾಮದ ವರದಿಯ ಸಾರಾಂಶವನ್ನು ಇಂಗ್ಲಿಷಿನಲ್ಲೂ ಆಯಾ ರಾಜ್ಯದ ಭಾಷೆಯಲ್ಲೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯಲ್ಲೇ ಇದು ಇದೆ. ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಆ 30 ದಿನ ಈ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ಜನರಿಗೆ ಓದಲು ಸಿಗಬೇಕು.

ಪೂರ್ತಿ ವರದಿ ನೂರಾರು ಪುಟ, ಅದು ಇಂಗ್ಲಿಷಿನಲ್ಲಿ. ಅಂದ್ರೆ ಕ್ವಾರಿ ಪಕ್ಕದಲ್ಲಿ ಹೊಲ ಇರುವ ರೈತನ ಕೈಗೆ ಸಿಗೋದು ಈ ಕೆಲವು ಪುಟಗಳ ಕನ್ನಡ ಮಾತ್ರ. ಆತ ಸಭೆಯಲ್ಲಿ ಎದ್ದು ನಿಂತು ಏನು ಕೇಳುತ್ತಾನೆ, ಏನು ಕೇಳದೆ ಬಿಡುತ್ತಾನೆ ಅನ್ನೋದು ಇದರ ಮೇಲೆ ನಿಂತಿದೆ.

ಇಂಥ ಒಂದು ಸಾರಾಂಶ ನನ್ನ ಹತ್ತಿರ ಬಂತು. ಅನುವಾದ ಮಾಡುವ ಕೆಲಸ ಅಲ್ಲ, ತಿದ್ದುವ ಕೆಲಸ. ವರದಿ ಬರೆದ ಸಲಹಾ ಸಂಸ್ಥೆಯವರು ಇಂಗ್ಲಿಷನ್ನು ಯಂತ್ರಕ್ಕೆ ಹಾಕಿ ಕನ್ನಡ ತೆಗೆದಿದ್ದರು, ಅದನ್ನು ಅನುವಾದ ಏಜೆನ್ಸಿಗೆ ಕೊಟ್ಟಿದ್ದರು, ಏಜೆನ್ಸಿ ನನಗೆ ಕಳಿಸಿತ್ತು. ಅಲ್ಲಿನ ಸಂಯೋಜಕಿ ಫೋನ್ ಮಾಡಿ, "ಸರ್, ಲೈಟ್ ಎಡಿಟಿಂಗ್ ಸಾಕು. ಕನ್ನಡ ಚೆನ್ನಾಗೇ ಬಂದಿದೆ, ನಾನೇ ಓದಿದೆ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಓದಿದರೆ ನಿಜವಾಗಿಯೂ ಸರಾಗವಾಗಿತ್ತು. ಹತ್ತು ಹನ್ನೆರಡು ವರ್ಷದ ಹಿಂದಿನ ಯಂತ್ರಾನುವಾದದಲ್ಲಿ ವಿಭಕ್ತಿ ಎಲ್ಲೋ, ಕ್ರಿಯಾಪದ ಎಲ್ಲೋ ಬಿದ್ದಿರುತ್ತಿತ್ತು, ತಪ್ಪು ಎಲ್ಲಿದೆ ಅಂತ ಕಣ್ಣಿಗೆ ತಾನಾಗಿ ಹೊಡೆಯುತ್ತಿತ್ತು. ಈಗ ಹಾಗಿಲ್ಲ. ವಾಕ್ಯ ನುಣುಪಾಗಿರುತ್ತದೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ. ಕನ್ನಡವನ್ನಷ್ಟೇ ಓದಿಕೊಂಡು ಹೋದರೆ ಗೊತ್ತೇ ಆಗೋದಿಲ್ಲ.

ಟೈಮ್ ಕಮ್ಮಿ ಇತ್ತು, ಪದಕ್ಕೆ ಕೊಡುವ ದುಡ್ಡೂ ಹೊಸ ಅನುವಾದಕ್ಕಿಂತ ಕಮ್ಮಿ. ಎಲ್ಲವನ್ನೂ ತಿದ್ದಲು ಆಗೋದಿಲ್ಲ ಅಂತ ಮೊದಲೇ ಗೊತ್ತಿತ್ತು. ಆದ್ದರಿಂದ ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ತಪ್ಪು ಹೀಗೇ ಉಳಿದರೆ, ಇದನ್ನು ಓದುವ ರೈತ ತಪ್ಪು ತೀರ್ಮಾನ ಮಾಡುತ್ತಾನಾ? ಮಾಡುತ್ತಾನೆ ಅನ್ನಿಸಿದ್ದು ಮೊದಲು, ಆತನೇ ಓದಿಕೊಂಡು ಸರಿ ಮಾಡಿಕೊಳ್ಳುತ್ತಾನೆ ಅನ್ನಿಸಿದ್ದು ಆಮೇಲೆ.

ಇದರ ವ್ಯತ್ಯಾಸ ಮೊದಲ ಎರಡು ಪುಟದಲ್ಲೇ ಸಿಕ್ಕಿತು. ಜಲ್ಲಿ ಕ್ರಷರ್ ಘಟಕಕ್ಕೆ ಯಂತ್ರ 'ಪುಡಿಮಾಡುವ ಸಸ್ಯ' ಅಂತ ಕೊಟ್ಟಿತ್ತು, ಇಂಗ್ಲಿಷಿನ 'ಪ್ಲಾಂಟ್' ಅನ್ನೋದನ್ನು ಗಿಡ ಅಂದುಕೊಂಡು. ನೋಡಿದವರೆಲ್ಲ ಮೊದಲು ಬೆರಳು ಮಾಡೋದು ಇದಕ್ಕೇ. ಆದರೆ ಇದರಿಂದ ಯಾರಿಗೂ ಏನೂ ಆಗೋದಿಲ್ಲ. ಕ್ವಾರಿ ವರದಿಯಲ್ಲಿ 'ಪುಡಿಮಾಡುವ ಸಸ್ಯ' ಅಂತ ಓದಿದ ಊರಿನವರು ಇದು ಕ್ರಷರ್ ವಿಷಯ ಅಂತ ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಅದೇ ಪುಟದಲ್ಲಿ ಕೆಳಗೆ ಇನ್ನೊಂದು ವಾಕ್ಯ: 'ಹತ್ತಿರದ ಜಲಮೂಲವೆಂದರೆ ಗುತ್ತಿಗೆ ಗಡಿಯಿಂದ ಉತ್ತರಕ್ಕೆ 650 ಮೀಟರ್ ದೂರದಲ್ಲಿರುವ ಟ್ಯಾಂಕ್.' ವ್ಯಾಕರಣ ಸರಿ, ಸಂಖ್ಯೆ ಸರಿ, ದಿಕ್ಕು ಸರಿ. ಆದರೆ ನಮ್ಮ ಹಳ್ಳಿಗಳಲ್ಲಿ ಟ್ಯಾಂಕ್ ಅಂದ್ರೆ ಪಂಚಾಯಿತಿಯವರು ಕಟ್ಟಿಸಿದ ಓವರ್‌ಹೆಡ್ ಟ್ಯಾಂಕು, ಇಲ್ಲಾ ಮನೆ ಮೇಲಿನ ಸಿಂಟೆಕ್ಸು. ಇಂಗ್ಲಿಷ್ ವರದಿಯ ಟ್ಯಾಂಕ್ ಅಂದ್ರೆ ಕೆರೆ. ಬ್ರಿಟಿಷರ ಕಾಲದಿಂದ ಸರ್ಕಾರಿ ಇಂಗ್ಲಿಷಿನಲ್ಲಿ ಕೆರೆಗೆ ಇದೇ ಮಾತು. ಕ್ವಾರಿ ಮಣ್ಣು ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗಿ ತಮ್ಮ ಕೆರೆಗೆ ಸೇರುತ್ತದಾ ಅಂತ ಕೇಳಬೇಕಾದವರಿಗೆ, ಈ ಕನ್ನಡದಲ್ಲಿ ಕೆರೆಯೇ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಸಸ್ಯ ಸಣ್ಣ ತಪ್ಪು, ಟ್ಯಾಂಕ್ ದೊಡ್ಡ ತಪ್ಪು. ಏಜೆನ್ಸಿಯ ಫಾರಂನಲ್ಲಿ ಎರಡೂ 'ಪದ ಆಯ್ಕೆಯ ದೋಷ' ಅನ್ನುವ ಒಂದೇ ಕಾಲಂಗೆ ಬೀಳುತ್ತವೆ.

ಅಲ್ಲಿಂದ ಮುಂದೆ ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೇರವಾಗಿ ತಿದ್ದುತ್ತಾ ಹೋಗಲಿಲ್ಲ. ಮೊದಲ ಸುತ್ತಿನಲ್ಲಿ ಭಾಷೆಯನ್ನು ಮುಟ್ಟಲೇ ಇಲ್ಲ. ಇಂಗ್ಲಿಷನ್ನು ಎಡಕ್ಕೆ, ಕನ್ನಡವನ್ನು ಬಲಕ್ಕೆ ಇಟ್ಟುಕೊಂಡು ಸಂಖ್ಯೆ, ತಾರೀಖು, ಊರಿನ ಹೆಸರು, ಸರ್ವೆ ನಂಬರು, ದಿಕ್ಕು, ಇಷ್ಟನ್ನೇ ನೋಡಿದೆ. ಅನುವಾದದ ಸಾಫ್ಟ್‌ವೇರಿನಲ್ಲಿ ಸಂಖ್ಯೆ ಹೋಲಿಸುವ ವ್ಯವಸ್ಥೆ ಇರುತ್ತದೆ, ಅದನ್ನೂ ಓಡಿಸಿದೆ. ಆದರೆ ಅದು ಅಂಕಿ ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತದೆ. ಅಂಕಿಯ ಸುತ್ತ ಏನು ಬರೆದಿದೆ ಅನ್ನೋದು ಅದಕ್ಕೆ ಬೇಕಿಲ್ಲ.

ಜಮೀನಿನ ಅಳತೆಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಇಂಗ್ಲಿಷಿನಲ್ಲಿ ಒಟ್ಟು ಜಾಗ '14-20' ಎಕರೆ ಅಂತ ಇತ್ತು. ಪಹಣಿ ನೋಡಿ ಗೊತ್ತಿರುವವರಿಗೆ ಇದು 14 ಎಕರೆ 20 ಗುಂಟೆ ಅಂತ ಹೇಳಿಕೊಡಬೇಕಾಗಿಲ್ಲ. ಯಂತ್ರ ಇದನ್ನು '14 ರಿಂದ 20 ಎಕರೆ' ಮಾಡಿತ್ತು. ನಡುವಿನ ಗೆರೆಯನ್ನು 'ಇಷ್ಟರಿಂದ ಇಷ್ಟರವರೆಗೆ' ಅಂತ ಓದಿಕೊಂಡಿತ್ತು. 14 ಇದೆ, 20 ಇದೆ, ಸಾಫ್ಟ್‌ವೇರ್ ಹಸಿರು ಟಿಕ್ ಹಾಕಿತು. ಹೀಗೇ ಬಿಟ್ಟಿದ್ದರೆ ಇವರು 20 ಎಕರೆವರೆಗೂ ಹೋಗಬಹುದು ಅಂತ ಕನ್ನಡ ದಾಖಲೆಯೇ ಹೇಳಿದಂತಾಗುತ್ತಿತ್ತು.

ಅದು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಇನ್ನೊಂದು ಪುಟದ ಕೋಷ್ಟಕದಲ್ಲಿ ಅದೇ ಜಾಗಕ್ಕೆ ಇಂಗ್ಲಿಷಿನಲ್ಲೇ '14.20 ಎಕರೆ' ಅಂತ ಚುಕ್ಕಿ ಹಾಕಿ ಬರೆದಿದ್ದರು. ಎರಡೂ ಒಂದೇ ಅಲ್ಲ. ಎಕರೆಗೆ 40 ಗುಂಟೆ, ಆದ್ದರಿಂದ 14 ಎಕರೆ 20 ಗುಂಟೆ ಅಂದ್ರೆ ಹದಿನಾಲ್ಕೂವರೆ ಎಕರೆ, ಹೆಕ್ಟೇರಿಗೆ ತಿರುಗಿಸಿದರೆ 5.87. ಚುಕ್ಕಿ ಹಾಕಿದ 14.20 ಎಕರೆ ಅಂದ್ರೆ 5.75 ಹೆಕ್ಟೇರ್. ನಡುವೆ 12 ಗುಂಟೆ ವ್ಯತ್ಯಾಸ. ಅದೃಷ್ಟಕ್ಕೆ ಕೋಷ್ಟಕದಲ್ಲಿ ಪಕ್ಕದ ಕಾಲಂನಲ್ಲಿ ಹೆಕ್ಟೇರ್ ಕೂಡ ಇತ್ತು: 5.87. ಅಲ್ಲಿಗೆ ಯಾವುದು ಸರಿ ಅಂತ ಖಚಿತವಾಯಿತು. ಕನ್ನಡದಲ್ಲಿ ಎಲ್ಲಾ ಕಡೆ '14 ಎಕರೆ 20 ಗುಂಟೆ' ಅಂತ ಬಿಡಿಸಿ ಬರೆದೆ, ಇಂಗ್ಲಿಷಿನ ಚುಕ್ಕಿಯ ಬಗ್ಗೆ ಒಂದು ಟಿಪ್ಪಣಿ ಕಳಿಸಿದೆ. ಈಗ ಯಾವ ಅಳತೆ ಬಂದರೂ ನಾನು ಹೀಗೇ ಮಾಡುತ್ತೇನೆ, ಅದೇ ಸಂಗತಿ ಇನ್ನೊಂದು ಅಳತೆಯಲ್ಲಿ ಎಲ್ಲಾದರೂ ಇದೆಯಾ ಅಂತ ಹುಡುಕಿ ತಾಳೆ ನೋಡುತ್ತೇನೆ.

ಊರಿನ ಹೆಸರಿಗೂ ಇದೇ ಕಟ್ಟುನಿಟ್ಟು. ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ ಗೊತ್ತಾಗೋದಿಲ್ಲ, ಳ ಲ ವ್ಯತ್ಯಾಸ ಗೊತ್ತಾಗೋದಿಲ್ಲ. ಮಾಲೂರು ಕೋಲಾರ ಜಿಲ್ಲೆಯ ತಾಲೂಕು ಕೇಂದ್ರ, ಮಳ್ಳೂರೋ ಮಲ್ಲೂರೋ ಅಂದ್ರೆ ಬೇರೆ ಊರು, ಯಂತ್ರಕ್ಕೆ ಎಲ್ಲವೂ ಒಂದೇ. ಭೂಮಿ ವೆಬ್‌ಸೈಟಿನಲ್ಲಿ ಹೋಬಳಿ ಆರಿಸಿದರೆ ಗ್ರಾಮಗಳ ಪಟ್ಟಿ ಬರುತ್ತದೆ, ಪಹಣಿಯಲ್ಲಿ ಹೆಸರು ಕನ್ನಡದಲ್ಲೇ ಇರುತ್ತದೆ. ಅಲ್ಲಿದ್ದ ಹಾಗೇ ಹಾಕಿದೆ.

ಎರಡನೇ ಸುತ್ತಿನಲ್ಲಿ ಹುಡುಕಿದ್ದು ಇಲ್ಲ, ಬಾರದು, ಹೊರತು, ಮೀರದಂತೆ, ಒಳಗೆ ಇಂಥ ಮಾತುಗಳನ್ನು. ಕನ್ನಡದಲ್ಲಿ ಹುಡುಕಿದರೆ ಸಾಲದು, ಇಂಗ್ಲಿಷಿನಲ್ಲಿ ಹುಡುಕಬೇಕು, ಯಾಕೆಂದರೆ ಬಿಟ್ಟುಹೋಗಿರುವುದು ಕನ್ನಡದಲ್ಲಿ ಕಾಣುವುದಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ಕೆಟ್ಟ ತಪ್ಪು ಇಲ್ಲೇ ಇತ್ತು. ಇಂಗ್ಲಿಷ್ ಹೇಳಿದ್ದು ಇಷ್ಟು: ಮಧ್ಯಾಹ್ನ 1ರಿಂದ 2 ಗಂಟೆ ಬಿಟ್ಟು ಬೇರೆ ಯಾವ ಹೊತ್ತಿನಲ್ಲೂ ಬಂಡೆ ಸಿಡಿಸುವಂತಿಲ್ಲ. ಯಂತ್ರ ಕೊಟ್ಟದ್ದು:

'ಮಧ್ಯಾಹ್ನ 1ರಿಂದ 2 ಗಂಟೆಯ ಅವಧಿಯನ್ನು ಹೊರತುಪಡಿಸಿ ಸ್ಫೋಟ ಕಾರ್ಯವನ್ನು ಕೈಗೊಳ್ಳಲಾಗುವುದು.'

ಒಂದು 'ಇಲ್ಲ' ಬಿದ್ದುಹೋಗಿದೆ, ಅಷ್ಟೇ. 'ಕೈಗೊಳ್ಳಲಾಗುವುದಿಲ್ಲ' ಅಂತ ಇರಬೇಕಿತ್ತು. ಈಗ ಇದರ ಪ್ರಕಾರ ಒಂದು ಗಂಟೆ ಬಿಟ್ಟು ದಿನವಿಡೀ ಸಿಡಿಸುತ್ತಾರೆ, ಆ ಒಂದು ಗಂಟೆ ಮಾತ್ರ ನೆಮ್ಮದಿ. ಊಟದ ಹೊತ್ತಿಗೆ ಕೆಲಸ ನಿಲ್ಲಿಸುತ್ತಾರೇನೋ ಅಂತ ಓದುವವರಿಗೆ ಸಹಜವಾಗಿಯೇ ಕಾಣುತ್ತದೆ. ದನ ಮೇಯಿಸುವ ಹುಡುಗ ಇದನ್ನು ನಂಬಿ ಸರಿಯಾಗಿ 1 ಗಂಟೆಗೆ ಆ ಕಡೆ ದನ ಹೊಡೆದುಕೊಂಡು ಹೋದರೆ? ಸಿಡಿದಾಗ ಕಲ್ಲಿನ ಚೂರು ಹಾರಿ ಬರುತ್ತದೆ, ಜೀವ ಹೋಗುತ್ತದೆ.

ಬರಿ 'ಇಲ್ಲ' ಸೇರಿಸಿ ಬಿಡಲು ನನಗೆ ಮನಸ್ಸಾಗಲಿಲ್ಲ. 'ಹೊರತುಪಡಿಸಿ... ಇಲ್ಲ' ಅನ್ನುವ ಜೋಡಿ ಇದ್ದಾಗ ಕೇಳುವವರು ಒಮ್ಮೆ ತಡವರಿಸುತ್ತಾರೆ, ಅದೂ ಸಭೆಯಲ್ಲಿ ಯಾರೋ ಓದಿ ಹೇಳುವಾಗ. ಅದಕ್ಕೆ ಎರಡು ವಾಕ್ಯ ಮಾಡಿದೆ: 'ಬಂಡೆ ಸಿಡಿಸುವುದು ಮಧ್ಯಾಹ್ನ 1ರಿಂದ 2 ಗಂಟೆಯ ಒಳಗೆ ಮಾತ್ರ. ಉಳಿದ ಯಾವ ಸಮಯದಲ್ಲೂ ಸಿಡಿಸುವಂತಿಲ್ಲ.' ಲೈಟ್ ಎಡಿಟಿಂಗ್‌ನಲ್ಲಿ ಹೀಗೆ ವಾಕ್ಯ ಒಡೆದು ಬರೆಯಬಾರದು ಅಂತ ಏಜೆನ್ಸಿಯ ಸೂಚನೆ ಇತ್ತು. ಎಷ್ಟೋ ಕಡೆ ಆ ಸೂಚನೆ ಪಾಲಿಸಿದ್ದೇನೆ. ಇಂಥ ಕಡೆ ಪಾಲಿಸೋದಿಲ್ಲ, ಕಾರಣ ಬರೆದು ಕಳಿಸುತ್ತೇನೆ.

ಗಾಳಿಯ ವಿಷಯಕ್ಕೆ ಮಾತ್ರ ನನ್ನ ಭಾಷಾಜ್ಞಾನ ಸಾಕಾಗಲಿಲ್ಲ. ಇಂಥ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಗಾಳಿ, ಧೂಳು, ಶಬ್ದ ಅಳೆಯುತ್ತಾರೆ. ಇಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಅಳೆದಿದ್ದರು. ಇಂಗ್ಲಿಷಿನಲ್ಲಿ 'ಪ್ರಧಾನ ಗಾಳಿ ದಿಕ್ಕು: ಪೂರ್ವ' ಅನ್ನುವಷ್ಟೇ ಇತ್ತು. ಯಂತ್ರ ಅದನ್ನು 'ಗಾಳಿಯು ಹೆಚ್ಚಾಗಿ ಪೂರ್ವ ದಿಕ್ಕಿಗೆ ಬೀಸುತ್ತದೆ' ಅಂತ ಪೂರ್ತಿ ವಾಕ್ಯ ಮಾಡಿತ್ತು. ಗಾಳಿ ಪೂರ್ವಕ್ಕೆ ಬೀಸಿದರೆ ಧೂಳು ಪೂರ್ವದ ಊರಿಗೆ ಹೋಗುತ್ತದೆ. ಪೂರ್ವದಿಂದ ಬೀಸಿದರೆ ಪಶ್ಚಿಮದ ಊರಿಗೆ. ಒಂದು ವಿಭಕ್ತಿ ಪ್ರತ್ಯಯದ ಮೇಲೆ ಧೂಳು ತಿನ್ನುವ ಊರೇ ಬದಲಾಗುತ್ತದೆ.

ಉತ್ತರ ವರದಿಯೊಳಗೇ ಇತ್ತು. ಕ್ವಾರಿ ಶುರುವಾದ ಮೇಲೆ ಯಾವ ಊರಿನಲ್ಲಿ ಪಿಎಂ 10 ಧೂಳು ಎಷ್ಟು ಹೆಚ್ಚಾಗಬಹುದು ಅನ್ನುವ ಕೋಷ್ಟಕ ಹಿಂದಿನ ಪುಟದಲ್ಲಿತ್ತು. ಅದರಲ್ಲಿ ಪಶ್ಚಿಮದ ಊರಿಗೆ ಎಲ್ಲಕ್ಕಿಂತ ಜಾಸ್ತಿ, ಪೂರ್ವದ ಊರಿಗೆ ಬಹಳ ಕಮ್ಮಿ. ಅಂದ್ರೆ ಗಾಳಿ ಬರುವುದು ಪೂರ್ವದಿಂದ. ಆದರೂ ನಾನೇ ತೀರ್ಮಾನ ಮಾಡೋದು ಬೇಡ ಅಂತ ಸಲಹಾ ಸಂಸ್ಥೆಯ ಇಂಜಿನಿಯರಿಗೆ ಫೋನ್ ಮಾಡಿದೆ. "ಹೌದು ಸರ್, ನಾವು ದಿಕ್ಕು ಅಂದ್ರೆ ಯಾವಾಗಲೂ ಎಲ್ಲಿಂದ ಬರುತ್ತೆ ಅಂತಲೇ ಬರೆಯೋದು. ಎಲ್ಲಿಗೆ ಹೋಗುತ್ತೆ ಅಂತ ಯಾರೂ ಬರೆಯಲ್ಲ" ಅಂದರು. ಹವಾಮಾನದವರಲ್ಲಿ ಅದೇ ರೂಢಿ. 'ಗಾಳಿ ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ' ಅಂತ ಎರಡೂ ದಿಕ್ಕು ಹಾಕಿ ಬರೆದೆ. ಎರಡೂ ದಿಕ್ಕು ಇದ್ದರೆ ಯಾರಿಗೂ ಅನುಮಾನ ಉಳಿಯೋದಿಲ್ಲ.

ಈ ಮೂರನ್ನೂ ಸೇರಿಸಿ ನೋಡಿ, ಗುಂಟೆ, ಸಿಡಿಸುವ ಸಮಯ, ಗಾಳಿ. ಮೂರರಲ್ಲೂ ಕನ್ನಡ ವಾಕ್ಯದಲ್ಲಿ ಒಂದು ಅಕ್ಷರದ ದೋಷವೂ ಇರಲಿಲ್ಲ. ಹಾಗಾಗಿ ಕನ್ನಡ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಈ ದಾಖಲೆಯ ಬಗ್ಗೆ ಅದರಿಂದ ಏನೂ ಗೊತ್ತಾಗೋದಿಲ್ಲ. ಇನ್ನೊಂದು ಕಡೆ, ನಾನು ತಿದ್ದದೆ ಬಿಟ್ಟದ್ದೂ ಬೇಕಾದಷ್ಟಿದೆ. ಪ್ಯಾರಾ ತುಂಬಾ 'ಲಾಗುವುದು' 'ಲಾಗುವುದು' ಅಂತ ಮುಗಿಯುವ ವಾಕ್ಯಗಳು, 'ಮತ್ತು' ಇರಬೇಕಾದ ಕಡೆ 'ಹಾಗೂ', ಇಂಗ್ಲಿಷಿನ ಜಾಡು ಹಿಡಿದ ಉದ್ದುದ್ದ ವಿಶೇಷಣಗಳು, ಸಂಸ್ಕೃತದ ಭಾರೀ ಪದಗಳು. ಕೈ ತುರಿಸುತ್ತದೆ ನಿಜ. ಆದರೆ ಕೆರೆ ಮತ್ತು ಗಾಳಿ ಸರಿಯಾಗುವ ಮುಂಚೆ ಅವನ್ನು ಮುಟ್ಟಿದರೆ ಟೈಮ್ ಎಲ್ಲಾ ಅಲ್ಲೇ ಕರಗಿಹೋಗುತ್ತದೆ. ಒಂದು ಭಾಗಕ್ಕೆ ಮಾತ್ರ ವಿನಾಯಿತಿ ಕೊಟ್ಟೆ. ಪರಿಣಾಮ ತಗ್ಗಿಸಲು ಏನೇನು ಮಾಡುತ್ತೇವೆ ಅಂತ ಹೇಳುವ ಪುಟ ಸಭೆಯಲ್ಲಿ ಗಟ್ಟಿಯಾಗಿ ಓದುವಂಥದ್ದು, ಅದನ್ನು ನಾನೇ ಬಾಯಿ ಬಿಟ್ಟು ಓದಿಕೊಂಡು, ಉಸಿರು ಕಟ್ಟುವ ಕಡೆ ವಾಕ್ಯ ಒಡೆದೆ.

ತಿದ್ದಿದ ಮೇಲೆ ಪರಿಶೀಲಕರು ಒಬ್ಬರು ಅಂಕ ಹಾಕುತ್ತಾರೆ. ಸಣ್ಣ ತಪ್ಪಿಗೆ 1, ದೊಡ್ಡದಕ್ಕೆ 5, ಗಂಭೀರದ್ದಕ್ಕೆ 25, ಒಟ್ಟು ಇಷ್ಟು ದಾಟಿದರೆ ಫೇಲು. ಜಗತ್ತಿನಲ್ಲಿ ಎಷ್ಟೋ ಅನುವಾದ ಸಂಸ್ಥೆಗಳು ಬಳಸುವ ಪದ್ಧತಿ ಇದು, ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ನನಗೆ ಬಂದ ಶೀಟಿನಲ್ಲಿ ನಾನು ಬೇಕಂತಲೇ ಬಿಟ್ಟ 'ಲಾಗುವುದು'ಗಳಿಗೆಲ್ಲ ಒಂದೊಂದು ಅಂಕ ಕಳೆದಿದ್ದರು, ಶೈಲಿಯ ದೋಷ ಅಂತ. ಸಿಡಿಸುವ ಸಮಯದ ವಾಕ್ಯದ ಎದುರು 'ಅನಗತ್ಯ ಬದಲಾವಣೆ' ಅಂತ ಬರೆದು ಅಲ್ಲಿ 5 ಕಳೆದಿದ್ದರು. ಅವರು ಇಂಗ್ಲಿಷ್ ತೆಗೆದು ನೋಡಿರಲಿಲ್ಲ, ಯಂತ್ರದ ಕನ್ನಡವನ್ನೂ ನನ್ನ ಕನ್ನಡವನ್ನೂ ಮಾತ್ರ ಪಕ್ಕಪಕ್ಕ ಇಟ್ಟು ನೋಡಿದ್ದರು. ಇಂಗ್ಲಿಷ್, ಯಂತ್ರದ ಕನ್ನಡ, ನನ್ನ ಕನ್ನಡ ಮೂರನ್ನೂ ಒಂದರ ಕೆಳಗೆ ಒಂದು ಇಟ್ಟು ಕಳಿಸಿದೆ. ಆ 5 ವಾಪಸ್ ಬಂತು. ಶೈಲಿಯ ಅಂಕಗಳು ಬರಲಿಲ್ಲ, ನಾನೂ ಕೇಳಲಿಲ್ಲ.

ಯಾವುದು ಗಂಭೀರ ಅಂತ ಹೇಳುವ ನಾಲ್ಕು ಸಾಲನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದು ಎರಡೂ ಕಡೆಯವರು ಒಪ್ಪಿಕೊಳ್ಳಬೇಕು ಅಂತ ನಾನು ಆಮೇಲೆ ಏಜೆನ್ಸಿಗೆ ಹೇಳಿದೆ. ಈ ತರಹದ ದಾಖಲೆಗೆ ನನ್ನ ಸಾಲುಗಳು ಇವು: 'ಆಗುತ್ತದೆ' ಅನ್ನೋದು 'ಆಗೋದಿಲ್ಲ' ಅಂತಾದರೆ, ಅಳತೆ ದಿನಾಂಕ ಬದಲಾದರೆ, ಜಾಗ ದಿಕ್ಕು ಬದಲಾದರೆ, ಯಾರು ಮಾಡಬೇಕು ಅನ್ನೋದು ಬದಲಾದರೆ ಗಂಭೀರ. ಮಿಕ್ಕಿದ್ದೆಲ್ಲ ಅದಕ್ಕಿಂತ ಕೆಳಗೆ.

ಆ ಕೊನೆಯದು, ಯಾರು ಮಾಡಬೇಕು ಅನ್ನೋದು, ಯಂತ್ರದ ಕೈಲೂ ಇಲ್ಲ, ತಿದ್ದುವವರ ಕೈಲೂ ಇಲ್ಲ. ವರದಿಯಲ್ಲಿ ಒಂದು ವಾಕ್ಯ ಇತ್ತು: ಕ್ವಾರಿಯಿಂದ ಸುತ್ತಲಿನ ಕೊಳವೆಬಾವಿಗಳ ನೀರು ಇಳಿದರೆ ಬದಲಿ ನೀರು ಒದಗಿಸಲಾಗುವುದು. ಕನ್ನಡ ಸರಿಯಾಗೇ ಇತ್ತು. ಇಂಗ್ಲಿಷಿನಲ್ಲೂ ಹಾಗೇ ಇತ್ತು, ಒದಗಿಸುವವರು ಯಾರು ಅಂತ ಅಲ್ಲೂ ಇರಲಿಲ್ಲ. ಕನ್ನಡದಲ್ಲಿ ನಾನೇ 'ಕ್ವಾರಿ ಮಾಲೀಕರು' ಅಂತ ಸೇರಿಸಿದರೆ ಅದು ಅನುವಾದ ಅಲ್ಲ, ದಾಖಲೆಗೆ ಹೊಸ ಮಾತು ಸೇರಿಸಿದ ಹಾಗೆ. ಸೇರಿಸದಿದ್ದರೆ ಪಂಚಾಯಿತಿಯೇ ಟ್ಯಾಂಕರ್ ಕಳಿಸುತ್ತದೆ ಅಂತ ಊರಿನವರು ಅಂದುಕೊಳ್ಳಬಹುದು. ಅದಲ್ಲದೆ ಕೊನೆಯ ಪುಟದಲ್ಲಿ 'ಎರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ' ಅಂತ ಬೇರೆ ಇತ್ತು. ಹಾಗಿದ್ದ ಮೇಲೆ ನಾನು ಕನ್ನಡದಲ್ಲಿ ಎಷ್ಟು ಸ್ಪಷ್ಟವಾಗಿ ಬರೆದರೂ ನಾಳೆ ಜಗಳ ಬಂದಾಗ ಅದು ನಿಲ್ಲೋದಿಲ್ಲ.

ಇದನ್ನೂ ಟಿಪ್ಪಣಿಯಲ್ಲಿ ಬರೆದೆ, ಈ ಮಾತು ಮೊದಲು ಇಂಗ್ಲಿಷಿನಲ್ಲಿ ಸರಿಯಾಗಬೇಕು ಅಂತ ಕೇಳಿದೆ. ಇಂಜಿನಿಯರು ಕ್ವಾರಿಯವರ ಜೊತೆ ಮಾತಾಡಿ ಎರಡು ಬದಲಾವಣೆ ಮಾಡಿ ಕಳಿಸಿದರು. ಕೋಷ್ಟಕದ ಚುಕ್ಕಿ ಹೋಗಿ ಎಕರೆ, ಗುಂಟೆ ಬೇರೆಬೇರೆಯಾಗಿ ಬಂದಿತ್ತು. ನೀರಿನ ವಾಕ್ಯದಲ್ಲಿ ಒದಗಿಸುವವರು ಯೋಜನೆಯ ಮಾಲೀಕರು, ಅವರ ಖರ್ಚಿನಲ್ಲಿ ಅಂತ ಸೇರಿತ್ತು. ಕನ್ನಡದಲ್ಲಿ ಆ ವಾಕ್ಯವನ್ನು 'ಕ್ವಾರಿ ಮಾಲೀಕರು ತಮ್ಮ ಸ್ವಂತ ಖರ್ಚಿನಲ್ಲಿ ಬದಲಿ ನೀರು ಒದಗಿಸತಕ್ಕದ್ದು' ಅಂತ ಮುಗಿಸಿ ಫೈಲ್ ಕಳಿಸಿದೆ.